"ನಿಮ್ಮ ಅನುಭವ ಈ ಕೆಲಸಕ್ಕೆ ಜಾಸ್ತಿಯಾಯಿತು" ಅಂದರೆ ಯಾವ ಉತ್ತರ ಬರೆಯಬೇಕು?

"ನಿಮ್ಮ ಅನುಭವ ನಮಗೆ ತುಂಬಾ ಹಿಡಿಸಿತು. ಆದರೆ ಈ ಹುದ್ದೆಗೆ ಬೇಕಾದ್ದಕ್ಕಿಂತ ನಿಮ್ಮ ಅರ್ಹತೆ ಹೆಚ್ಚಾಗಿದೆ." ಇಂಥ ಎರಡು ಸಾಲಿನ ಮೇಲ್ ಓದಿದವರಿಗೆ ಮೊದಲು ಏನೂ ತೋಚುವುದಿಲ್ಲ. ಕೆಲಸ ಬರುವುದಿಲ್ಲ ಅಂದಿದ್ದರೆ ಕಲಿಯಬಹುದಿತ್ತು. ಜಾಸ್ತಿ ಬರುತ್ತದೆ ಅಂದರೆ ಏನು ಮಾಡುವುದು?

ಹನ್ನೊಂದು ವರ್ಷ ನಾನು ಇಂಟರ್‌ವ್ಯೂ ಮೇಜಿನ ಆಚೆ ಬದಿಯಲ್ಲಿ ಕೂತು ಜನರನ್ನು ಆರಿಸಿದ್ದೇನೆ. ಈ ಮೇಲನ್ನು ನಾನೂ ಕಳಿಸಿದ್ದೇನೆ. ಹಾಗಾಗಿ ಒಂದು ಮಾತನ್ನು ಖಂಡಿತವಾಗಿ ಹೇಳಬಲ್ಲೆ. "ಓವರ್‌ಕ್ವಾಲಿಫೈಡ್" ಅನ್ನೋ ಪದದ ಹಿಂದೆ ಹೆಚ್ಚಿನ ಸಲ ಮೂರು ಅಂಜಿಕೆಗಳಲ್ಲಿ ಒಂದು ಇರುತ್ತದೆ. ಇವರಿಗೆ ನಮ್ಮ ಸಂಬಳ ಸಾಲುವುದಿಲ್ಲ. ಒಳ್ಳೆಯದು ಸಿಕ್ಕ ತಕ್ಷಣ ಬಿಟ್ಟು ಹೋಗುತ್ತಾರೆ. ಆರು ತಿಂಗಳಲ್ಲಿ ಬೇಸರ ಬಂದು ಕೆಲಸ ಜೋಲುತ್ತದೆ. ಮೇಲ್‌ನಲ್ಲಿ ಯಾರೂ ಇದನ್ನು ಬಿಡಿಸಿ ಬರೆಯುವುದಿಲ್ಲ. ನಾನೂ ಬರೆದಿರಲಿಲ್ಲ.

ಇದು ಇತ್ತೀಚಿನ ಅಂಜಿಕೆಯೂ ಅಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ನಗರದಲ್ಲಿ ಒಬ್ಬರು ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದರು. ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಅವರಿಗೆ 33 ಅಂಕ ಬಂತು. ಅಲ್ಲಿನ ಪೊಲೀಸ್ ಇಲಾಖೆ 20ರಿಂದ 27 ಅಂಕ ಬಂದವರನ್ನು ಮಾತ್ರ ಇಂಟರ್‌ವ್ಯೂಗೆ ಕರೆಯುತ್ತಿತ್ತು. ಅಂಕ ಜಾಸ್ತಿ ಬಂದವರಿಗೆ ಕೆಲಸ ಬೇಗ ಬೇಸರವಾಗುತ್ತದೆ, ದುಡ್ಡು ಸುರಿದು ತರಬೇತಿ ಕೊಟ್ಟ ಮೇಲೆ ಬಿಟ್ಟು ಹೋಗುತ್ತಾರೆ ಅನ್ನೋದು ಇಲಾಖೆಯ ವಾದ. ಅರ್ಜಿ ಹಾಕಿದವರು ಕೋರ್ಟಿಗೆ ಹೋದರು. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಕೂಡ ನಗರದ ಪರವಾಗಿಯೇ ತೀರ್ಪು ಕೊಟ್ಟಿತು. ಅಂಜಿಕೆ ನಿಜವೋ ಸುಳ್ಳೋ ಬೇರೆ ಮಾತು. ಆರಿಸುವವರು ಅದನ್ನು ಗಟ್ಟಿಯಾಗಿ ನಂಬುತ್ತಾರೆ. ನಿಮ್ಮ ಉತ್ತರ ಆ ನಂಬಿಕೆಗೆ ತಾಗಬೇಕು.

ಮೊದಲು: ಉತ್ತರ ಕೊಡಬೇಕಾ, ಸುಮ್ಮನಿರಬೇಕಾ?

ನಿಮ್ಮ ಮುಂದೆ ನಾಲ್ಕು ದಾರಿಗಳಿವೆ. ಧನ್ಯವಾದ ಹೇಳಿ ಮುಗಿಸುವುದು ಒಂದು. ಯಾವ ಕಾರಣಕ್ಕೆ ಹಾಗನ್ನಿಸಿತು ಎಂದು ಕೇಳುವುದು ಇನ್ನೊಂದು. ಅವರ ಅಂಜಿಕೆಯನ್ನು ನೀವೇ ಊಹಿಸಿ, ಅದಕ್ಕೆ ಉತ್ತರ ಕೊಟ್ಟು, ಮತ್ತೊಮ್ಮೆ ಯೋಚಿಸಿ ಎಂದು ಬರೆಯುವುದು ಮೂರನೆಯದು. ಅದೇ ಕಡೆ ಬೇರೆ ಹುದ್ದೆಯನ್ನೋ ಕೆಲವು ತಿಂಗಳ ಗುತ್ತಿಗೆ ಕೆಲಸವನ್ನೋ ಕೇಳುವುದು ನಾಲ್ಕನೆಯದು.

ಯಾವುದನ್ನು ಆರಿಸಬೇಕು ಅನ್ನೋದು ಯಾವ ಹಂತದಲ್ಲಿ ಬೇಡ ಅಂದರು ಎನ್ನುವುದರ ಮೇಲೆ ನಿಂತಿದೆ. ಬರೀ ರೆಸ್ಯೂಮೆ ನೋಡಿ ಬೇಡ ಅಂದಿದ್ದರೆ ನಿಮ್ಮನ್ನು ಆ ತಂಡದ ಮ್ಯಾನೇಜರ್ ನೋಡಿಯೇ ಇಲ್ಲದಿರಬಹುದು. ಎಚ್‌ಆರ್‌ನಲ್ಲಿ ಒಬ್ಬರು ವರ್ಷಗಳನ್ನು ಎಣಿಸಿ ಪಕ್ಕಕ್ಕಿಟ್ಟಿರುತ್ತಾರೆ. ಅವರಿಗೆ ವಾದ ಬರೆದು ಪ್ರಯೋಜನ ಕಡಿಮೆ. ಆ ನಿರ್ಧಾರ ತಿರುಗಿಸುವ ಅಧಿಕಾರ ಅವರಿಗೆ ಇರುವುದೇ ಅಪರೂಪ. ಇಂಥ ಕಡೆ ಎರಡು ಸಾಲಿನ ಧನ್ಯವಾದ ಸಾಕು. ನಿಮ್ಮ ಶ್ರಮವನ್ನು ರೆಸ್ಯೂಮೆಯ ಮೇಲೆ ಹಾಕಿ.

ಇಂಟರ್‌ವ್ಯೂ ಆದ ಮೇಲೆ ಬೇಡ ಅಂದಿದ್ದರೆ ಕಥೆಯೇ ಬೇರೆ. ಅಲ್ಲಿ ಒಬ್ಬರು ನಿಮ್ಮನ್ನು ಇಷ್ಟಪಟ್ಟಿರುತ್ತಾರೆ, ಇನ್ನೊಬ್ಬರು ಅನುಮಾನಪಟ್ಟಿರುತ್ತಾರೆ. ಇಷ್ಟಪಟ್ಟವರ ಕೈಗೆ ಒಂದು ಒಳ್ಳೆಯ ಕಾರಣ ಕೊಟ್ಟರೆ ಅವರು ನಿಮ್ಮ ಪರವಾಗಿ ಮಾತಾಡಬಲ್ಲರು. ಮೂರನೆಯ ದಾರಿ ಇಂಥ ಜಾಗಕ್ಕೇ ಸರಿ. ಮೇಲ್ ಬಂದ ಮರುದಿನ ಅಥವಾ ಅದರ ಮರುದಿನ ಬರೆಯಿರಿ. ಒಂದು ವಾರ ಕಳೆದರೆ ಇನ್ನೊಬ್ಬರ ಕೈಗೆ ಆಫರ್ ಹೋಗಿಬಿಟ್ಟಿರುತ್ತದೆ. ಬಂದ ಗಂಟೆಯಲ್ಲೇ ಬರೆದರೆ ನಿಮ್ಮ ಸಂಕಟ ಪ್ರತಿ ಸಾಲಿನಲ್ಲೂ ಕಾಣುತ್ತದೆ.

ಎರಡನೆಯ ದಾರಿ, ಅಂದರೆ ಕಾರಣ ಕೇಳುವುದು, ಕೇಳೋದಕ್ಕೆ ತುಂಬಾ ಸಹಜ. ಆದರೆ ಬರಹದಲ್ಲಿ ಅದಕ್ಕೆ ನೇರ ಉತ್ತರ ಬರುವುದು ಕಡಿಮೆ. ಬರೆದಿಟ್ಟ ಕಾರಣ ಮುಂದೆ ತಕರಾರಿಗೆ ಸಾಕ್ಷಿಯಾಗುತ್ತದೆ ಅನ್ನೋ ಭಯ ಅವರಿಗಿರುತ್ತದೆ. ಫೋನಿನಲ್ಲಿ ಕೇಳಿದರೆ ಸ್ವಲ್ಪ ಜಾಸ್ತಿ ಬಾಯಿ ಬಿಡುತ್ತಾರೆ. ಆಗಲೂ "ಯಾಕೆ ಬೇಡ ಅಂದಿರಿ?" ಎಂದು ಕೇಳಬೇಡಿ. "ಸಂಬಳದ ವಿಚಾರವೋ, ಎಷ್ಟು ದಿನ ಇರುತ್ತೇನೆ ಅನ್ನೋದೋ, ಕೆಲಸ ಸಪ್ಪೆ ಅನಿಸುತ್ತದೆ ಅಂತಲೋ?" ಎಂದು ಮೂರನ್ನೂ ಮುಂದಿಟ್ಟು ಕೇಳಿ. ಆರಿಸಿಕೊಳ್ಳುವುದು ಅವರಿಗೆ ಸುಲಭ.

ನಾಲ್ಕನೆಯದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. "ಹಾಗಾದರೆ ಮೇಲಿನ ಹುದ್ದೆ ಏನಾದರೂ ಇದೆಯಾ?" ಎಂದು ಅದೇ ಮೇಲ್‌ನಲ್ಲಿ ಕೇಳಿದರೆ ಅವರ ಅನುಮಾನಕ್ಕೆ ನೀವೇ ಮುದ್ರೆ ಒತ್ತಿದ ಹಾಗೆ. ನಿಮಗೆ ನಿಜವಾಗಿ ಬೇಕಾಗಿದ್ದು ಮೇಲಿನ ಹುದ್ದೆಯೇ ಆಗಿದ್ದರೆ ಅದನ್ನು ಮಾತ್ರ ಕೇಳಿ, ಚಿಕ್ಕದನ್ನು ಬಿಡಿ. ಎರಡು ದೋಣಿಯಲ್ಲಿ ಕಾಲಿಡಬೇಡಿ.

ಯಾವ ಅಂಜಿಕೆ ಎಂದು ತಿಳಿಯುವುದು ಹೇಗೆ?

ಇಂಟರ್‌ವ್ಯೂನಲ್ಲಿ ಅವರು ಎರಡು ಸಲ ಕೇಳಿದ ಪ್ರಶ್ನೆ ಯಾವುದು ಎಂದು ನೆನಪು ಮಾಡಿಕೊಳ್ಳಿ. ಹಿಂದಿನ ಸಂಬಳದ ಬಗ್ಗೆ ಕೇಳಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನಿರೀಕ್ಷೆ ಎಷ್ಟು ಎಂದು ಕೇಳಿದರಾ? ಐದು ವರ್ಷದ ನಂತರ ಎಲ್ಲಿರುತ್ತೀರಿ ಎಂದು ಇಬ್ಬರೂ ಕೇಳಿದರಾ? "ಇಲ್ಲಿ ತಂಡ ನಡೆಸುವ ಕೆಲಸ ಇಲ್ಲ, ಗೊತ್ತಲ್ವಾ?" ಎಂದು ಯಾರಾದರೂ ನೆನಪಿಸಿದರಾ? ಆ ಜಾಗವೇ ಅವರಿಗೆ ಚುಚ್ಚುತ್ತಿರುವ ಜಾಗ.

ನೆನಪಿಗೆ ಬಾರದಿದ್ದರೆ ನಿಮ್ಮ ರೆಸ್ಯೂಮೆಯನ್ನು ಅಪರಿಚಿತರ ಹಾಗೆ ಓದಿ. ಕಳೆದ ಎರಡು ಕೆಲಸ ಒಂದೊಂದು ವರ್ಷಕ್ಕೆ ಮುಗಿದಿದ್ದರೆ ಬಿಟ್ಟು ಹೋಗುವ ಭಯ ಮುಂದೆ ನಿಲ್ಲುತ್ತದೆ. ಹತ್ತು ವರ್ಷ ಒಂದೇ ಕಡೆ ಇದ್ದು, ಕೊನೆಯ ಆರು ವರ್ಷ ಬರೀ ಜನರನ್ನು ನಡೆಸಿದ್ದರೆ ಬೇಸರದ ಭಯ.

ಸಂಬಳಕ್ಕೆ: ಮೂರು ಉತ್ತರಗಳಲ್ಲಿ ಯಾವುದು ನಿಲ್ಲುತ್ತದೆ?

ತುಂಬಾ ಜನ ಬರೆಯುವುದು "ಸಂಬಳ ನನಗೆ ಮುಖ್ಯವಲ್ಲ" ಎಂದು. ಮೇಜಿನ ಆಚೆ ಕೂತವರು ಇದನ್ನು ನಂಬುವುದಿಲ್ಲ. ಎಲ್ಲರಿಗೂ ಸಂಬಳ ಮುಖ್ಯ. ಎರಡನೆಯ ಉತ್ತರ, "ಎಷ್ಟು ಕೊಟ್ಟರೂ ಸರಿ, ನೀವು ಹೇಳಿದ್ದಕ್ಕಿಂತ ಕಡಿಮೆಯಾದರೂ ಸರಿ". ಇದು ಇನ್ನೂ ಹಾನಿ. ಕೆಲಸದ ಬೆಲೆಯನ್ನೇ ಬಿಟ್ಟುಕೊಡುವವರು ಏನೋ ತೊಂದರೆಯಲ್ಲಿದ್ದಾರೆ, ತೊಂದರೆ ತೀರಿದ ದಿನ ಹೊರಡುತ್ತಾರೆ ಎಂದು ಲೆಕ್ಕ ಹಾಕುತ್ತಾರೆ. ಸಂಬಳದ ಅಂಜಿಕೆ ಕಳೆಯಲು ಹೋಗಿ ಬಿಟ್ಟು ಹೋಗುವ ಅಂಜಿಕೆಯನ್ನು ನೀವೇ ಕೊಟ್ಟ ಹಾಗಾಗುತ್ತದೆ.

ನಿಲ್ಲುವ ಉತ್ತರದಲ್ಲಿ ಎರಡು ತುಂಡುಗಳಿರುತ್ತವೆ. ಮೊದಲನೆಯದು, ಅವರು ಹೇಳಿದ ಸಂಬಳದ ಮಿತಿ ನನಗೆ ಗೊತ್ತು, ಅದರೊಳಗೇ ಒಪ್ಪುತ್ತೇನೆ ಎನ್ನುವುದು. ಎರಡನೆಯದು, ಅಷ್ಟರಲ್ಲಿ ನನ್ನ ಬದುಕು ಹೇಗೆ ನಡೆಯುತ್ತದೆ ಅನ್ನೋದಕ್ಕೆ ಒಂದು ಕಾರಣ. ಸಾಲ ತೀರಿದೆ, ಮಕ್ಕಳ ಓದು ಮುಗಿದಿದೆ, ಓಡಾಟದ ಖರ್ಚು ತಪ್ಪಿದೆ, ಯಾವುದು ನಿಜವೋ ಅದು. ಒಂದೇ ವಾಕ್ಯ ಸಾಕು, ಮನೆಯ ಲೆಕ್ಕಪತ್ರ ಬೇಡ.

ಇಲ್ಲಿ ಹೊರಗಿನವರಿಗೆ ಕಾಣದ ಒಂದು ಲೆಕ್ಕವಿದೆ. ನಿಮ್ಮ ಹಿಂದಿನ ಸಂಬಳ 100 ಎಂದಿಟ್ಟುಕೊಳ್ಳಿ. ಈ ಹುದ್ದೆಗೆ ಅವರು ಕೊಡುವುದು 60ರಿಂದ 72. ಇಂದು ನೀವು 70ಕ್ಕೆ ಒಪ್ಪುತ್ತೀರಿ ಅನ್ನೋದರಲ್ಲಿ ಮ್ಯಾನೇಜರ್‌ಗೆ ಅನುಮಾನ ಇರುವುದಿಲ್ಲ. ಅವರ ತಲೆನೋವು ಮುಂದಿನ ವರ್ಷದ್ದು. ನೀವು 70ರಲ್ಲಿ ಬಂದರೆ ಆ ಹುದ್ದೆಯ ಮಿತಿ 72ಕ್ಕೇ ಮುಗಿಯುತ್ತದೆ. ಒಂದು ವರ್ಷ ಚೆನ್ನಾಗಿ ಕೆಲಸ ಮಾಡಿದ ಮೇಲೆ ನಿಮಗೆ ಏನು ಕೊಡುವುದು? ಪಕ್ಕದಲ್ಲಿ 66ಕ್ಕೆ ನಾಲ್ಕು ವರ್ಷದಿಂದ ದುಡಿಯುತ್ತಿರುವವರಿಗೆ ಏನು ಹೇಳುವುದು? ಹಾಗಾಗಿ "ಮಿತಿಯ ತುದಿಯೇ ಬೇಕು ಎಂದು ನಾನು ಕೇಳುತ್ತಿಲ್ಲ, ಏರಿಕೆಯೂ ಎಲ್ಲರಿಗೆ ಇರುವ ನಿಯಮದಂತೆಯೇ ಇರಲಿ" ಎಂಬ ಒಂದು ಸಾಲು, "ಸಂಬಳ ಮುಖ್ಯವಲ್ಲ" ಅನ್ನೋ ಹತ್ತು ಸಾಲಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಆದರೆ ನಿಮಗೆ ಅದು ನಿಜವಾಗಿ ಒಪ್ಪಿಗೆಯಿದ್ದರೆ ಮಾತ್ರ ಬರೆಯಿರಿ. 70ರಲ್ಲಿ ತಿಂಗಳು ಸಾಗದು ಎಂದಾದರೆ ಅವರ ಅಂಜಿಕೆ ಸರಿಯಾಗಿಯೇ ಇದೆ.

ಬಿಟ್ಟು ಹೋಗುವ ಭಯಕ್ಕೆ

ಇಲ್ಲಿ ಜನ ಎರಡು ಕಡೆ ಜಾರುತ್ತಾರೆ. "ನಿವೃತ್ತಿಯಾಗುವ ತನಕ ಇಲ್ಲೇ ಇರುತ್ತೇನೆ" ಅನ್ನೋರು ಕೆಲವರು. ಬೇಕಾದರೆ ಇಷ್ಟು ವರ್ಷ ಇರುತ್ತೇನೆ ಎಂದು ಬಾಂಡ್ ಬರೆದು ಕೊಡುತ್ತೇನೆ ಅನ್ನೋರು ಇನ್ನು ಕೆಲವರು. ಮೊದಲನೆಯದು ಯಾರೂ ಕೊಡಲಾಗದ ಮಾತು. ಎರಡನೆಯದನ್ನು ನೀವಾಗಿ ಎತ್ತಲೇಬೇಡಿ. ದಂಡದ ಭಯದಿಂದ ಉಳಿಯುವವರು ಯಾವ ತಂಡಕ್ಕೂ ಬೇಡ. ಅದರ ಜೊತೆ ನಿಮ್ಮ ಕಾಲಿಗೆ ನೀವೇ ಹಗ್ಗ ಕಟ್ಟಿಕೊಂಡಂತೆ.

ಇವಕ್ಕಿಂತ ಗಟ್ಟಿಯಾದದ್ದು, ಯಾಕೆ ಕೆಳಗಿನ ಹುದ್ದೆಗೆ ಬರುತ್ತಿದ್ದೀರಿ ಅನ್ನೋದಕ್ಕೆ ಮುಂದೆಯೂ ಬದಲಾಗದ ಕಾರಣ. "ಈಗ ಬೇರೆ ಕೆಲಸ ಸಿಗುತ್ತಿಲ್ಲ" ಅನ್ನೋದು ನಾಳೆಯೇ ಬದಲಾಗಬಹುದಾದ ಕಾರಣ. "ಜನರನ್ನು ನಡೆಸುವ ಕೆಲಸ ಬಿಟ್ಟು ನಾನೇ ಕೈಯಾರೆ ಮಾಡುವ ಕೆಲಸಕ್ಕೆ ಮರಳುವುದು ಎಂದು ಒಂದು ವರ್ಷದ ಹಿಂದೆಯೇ ತೀರ್ಮಾನಿಸಿದೆ, ಆಮೇಲೆ ಮ್ಯಾನೇಜರ್ ಹುದ್ದೆಗೆ ಒಂದೂ ಅರ್ಜಿ ಹಾಕಿಲ್ಲ" ಅನ್ನೋದು ಉಳಿಯುವ ಕಾರಣ. ಜೊತೆಗೆ ಹಿಂದೆ ಒಂದೊಂದು ಕಡೆ ಎಷ್ಟು ವರ್ಷ ಇದ್ದಿರಿ ಎಂದು ಒಂದು ಸಾಲು ಹಾಕಿ. ಕಾಲದ ಮಾತು ಬೇಕೇ ಬೇಕು ಅನಿಸಿದರೆ ಎರಡು ವರ್ಷ, ಮೂರು ವರ್ಷ ಎಂದು ನಿಮ್ಮಿಂದ ಆಗುವಷ್ಟನ್ನೇ ಹೇಳಿ, ಆ ಅವಧಿಯಲ್ಲಿ ಏನು ಮುಗಿಸಬೇಕೆಂದಿದ್ದೀರಿ ಎಂದೂ ಹೇಳಿ.

ಬೇಸರಕ್ಕೆ: ಅತಿ ಸಪ್ಪೆಯ ಭಾಗವನ್ನೇ ಹೆಸರಿಸಿ

ಮೂರರಲ್ಲಿ ಇದಕ್ಕೇ ಉತ್ತರ ಕಷ್ಟ. "ನನಗೆ ಎಂಥ ಕೆಲಸವಾದರೂ ಇಷ್ಟ" ಅನ್ನೋದು ಉತ್ತರವಲ್ಲ. "ಬೇಸರವಾದರೆ ಹೊಸ ಯೋಜನೆಗಳನ್ನು ನಾನೇ ಶುರು ಮಾಡುತ್ತೇನೆ" ಅನ್ನೋದು ಚೆನ್ನಾಗಿ ಕೇಳಿಸುತ್ತದೆ, ಆದರೆ ಆಚೆ ಬದಿಗೆ ಅದು ಬೇರೆಯೇ ಆಗಿ ತಲುಪುತ್ತದೆ. ಕೊಟ್ಟ ಕೆಲಸ ಬಿಟ್ಟು ನಮ್ಮ ವ್ಯವಸ್ಥೆ ತಿದ್ದಲು ಬರುತ್ತಾರೆ ಎಂದು. ಮ್ಯಾನೇಜರ್ ನಿಮಗಿಂತ ಕಡಿಮೆ ಅನುಭವದವರಾಗಿದ್ದರೆ ಇದು ಅವರಿಗೆ ನೇರವಾಗಿಯೇ ತಾಕುತ್ತದೆ.

ನಾನು ಕಂಡಂತೆ ಮನಸ್ಸು ತಿರುಗಿಸಿದ ಉತ್ತರಗಳು ಆ ಕೆಲಸದ ಅತಿ ಸಪ್ಪೆಯ ಭಾಗವನ್ನು ಹೆಸರು ಹಿಡಿದು ಹೇಳಿದಂಥವು. ಲೆಕ್ಕಪತ್ರದ ಕೆಲಸವಾದರೆ ತಿಂಗಳ ಕೊನೆಯ ತಾಳೆ ನೋಡುವುದು. ಸಾಫ್ಟ್‌ವೇರ್ ಟೆಸ್ಟಿಂಗ್ ಆದರೆ ಅದೇ ಪರೀಕ್ಷೆಗಳನ್ನು ಪ್ರತಿ ಬಿಡುಗಡೆಗೂ ಮತ್ತೆ ಮತ್ತೆ ಓಡಿಸುವುದು. ಅದನ್ನು ಕೊನೆಯ ಸಲ ಯಾವಾಗ ಮಾಡಿದಿರಿ, ಎಷ್ಟು ಕಾಲ ಮಾಡಿದಿರಿ ಎಂದು ಬರೆದರೆ, ಇವರು ಕಣ್ಣು ತೆರೆದೇ ಬರುತ್ತಿದ್ದಾರೆ ಎಂದು ಆಚೆ ಬದಿಯವರಿಗೆ ತಿಳಿಯುತ್ತದೆ.

ಇದರ ಬಗ್ಗೆ ಒಂದು ಅಧ್ಯಯನ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. 2009ರಲ್ಲಿ ಬೆರಿನ್ ಎರ್ಡೋಗಾನ್ ಮತ್ತು ತಾಲ್ಯಾ ಬಾವರ್ ಅದನ್ನು ಪ್ರಕಟಿಸಿದರು. ಟರ್ಕಿಯ ಬಟ್ಟೆ ಅಂಗಡಿಗಳ ಮಾರಾಟಗಾರರನ್ನು ಅವರು ನೋಡಿದ್ದರು. ತಮ್ಮ ಅರ್ಹತೆ ಕೆಲಸಕ್ಕಿಂತ ಹೆಚ್ಚು ಅನಿಸಿದವರ ಮಾರಾಟ ಕಡಿಮೆಯಾಗಿರಲಿಲ್ಲ, ಚೆನ್ನಾಗಿಯೇ ಇತ್ತು. ಕೆಲಸವನ್ನು ತಮ್ಮ ವಿವೇಚನೆಯಂತೆ ಮಾಡುವ ಅವಕಾಶ ಇದೆ ಅನಿಸಿದವರಲ್ಲಿ ಕೆಲಸದ ಬಗೆಗಿನ ಅತೃಪ್ತಿ, ಬಿಟ್ಟು ಹೋಗುವ ಯೋಚನೆ ಎರಡೂ ತಗ್ಗಿದ್ದವು. ಇದನ್ನು ಮೇಲ್‌ನಲ್ಲಿ ಉದಾಹರಿಸಬೇಡಿ, ಪಾಠ ಹೇಳಿದ ಹಾಗಾಗುತ್ತದೆ. ಆದರೆ ಮಾತುಕತೆಗೆ ಕರೆದರೆ "ಈ ಕೆಲಸದಲ್ಲಿ ಯಾವ ತೀರ್ಮಾನಗಳನ್ನು ನಾನೇ ತೆಗೆದುಕೊಳ್ಳಬಹುದು?" ಎಂದು ಕೇಳಿ. ಉತ್ತರ "ಯಾವುದೂ ಇಲ್ಲ" ಎಂದಾದರೆ ಬೇಸರದ ಮಾತು ಅವರ ಭಯ ಮಾತ್ರ ಅಲ್ಲ, ನಿಮ್ಮದೂ ಆಗಬೇಕು.

ಒಂದು ಮೇಲ್ ಹೇಗೆ ಬದಲಾಯಿತು

ನನ್ನ ಜೊತೆ ಹಿಂದೆ ಕೆಲಸ ಮಾಡಿದ್ದ ಒಬ್ಬರಿಗೆ ಗ್ರಾಹಕ ಸಹಾಯ ವಿಭಾಗದಲ್ಲಿ 14 ವರ್ಷದ ಅನುಭವ. ಕೊನೆಯ 6 ವರ್ಷ 22 ಜನರ ತಂಡ ನಡೆಸಿದ್ದರು. ದಿನವಿಡೀ ಮೀಟಿಂಗ್, ರಜೆ ಮಂಜೂರಾತಿ, ಜಗಳ ಬಿಡಿಸುವುದು. ಅದು ಸಾಕಾಗಿ, ಗ್ರಾಹಕರು ಕಳಿಸುವ ದೂರು, ಪ್ರಶ್ನೆಗಳಿಗೆ, ಅಂದರೆ ಟಿಕೆಟ್‌ಗಳಿಗೆ, ತಾವೇ ಉತ್ತರಿಸುವ ಹುದ್ದೆಗೆ ಅರ್ಜಿ ಹಾಕಿದರು. ಇಂಟರ್‌ವ್ಯೂ ಚೆನ್ನಾಗಿಯೇ ಆಯಿತು. ನಾಲ್ಕು ದಿನಕ್ಕೆ ಆ ಎರಡು ಸಾಲಿನ ಮೇಲ್ ಬಂತು.

ಅವರು ಬರೆದ ಮೊದಲ ಉತ್ತರ ಒಂದೂವರೆ ಪುಟ ಇತ್ತು. "ನನ್ನ ಅನುಭವ ನಿಮಗೆ ಹೊರೆಯಲ್ಲ, ಲಾಭ" ಎಂದು ಶುರುವಾಗಿ, ತಾವು ಪಡೆದ ಬಹುಮಾನಗಳ ಪಟ್ಟಿಯಿತ್ತು, ತಂಡವನ್ನು ಹೇಗೆ ಬೆಳೆಸಿದರು ಎಂದಿತ್ತು. ನಾನು ಓದಿ ಹೇಳಿದೆ: "ಇದನ್ನು ಓದಿದರೆ ನಿಮ್ಮ ಅರ್ಹತೆ ಇನ್ನೂ ಜಾಸ್ತಿ ಎಂದು ಕಾಣುತ್ತಿದೆ." ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಇಂಟರ್‌ವ್ಯೂನಲ್ಲಿ ಏನು ಎರಡು ಸಲ ಕೇಳಿದರು ಎಂದು ಕೇಳಿದೆ. ಟಿಕೆಟ್ ಕೆಲಸ ದಿನವೂ ಒಂದೇ ಥರ ಇರುತ್ತದೆ ಎಂದು ಇಬ್ಬರು ಹೇಳಿದ್ದರಂತೆ. ಸಂಬಳದ ಮಾತು ಒಂದೇ ಸಲ ಬಂದಿತ್ತು. ಅಂದರೆ ಮುಖ್ಯ ಬೇಸರದ್ದು, ಸಣ್ಣದಾಗಿ ಸಂಬಳದ್ದು.

ಕೊನೆಗೆ ಹೋದ ಮೇಲ್ ಹೀಗಿತ್ತು:

"ನಮಸ್ತೆ. ನಿಮ್ಮ ನಿರ್ಧಾರ ತಿಳಿಸಿದ್ದಕ್ಕೆ ಧನ್ಯವಾದ. ಇಂಟರ್‌ವ್ಯೂನಲ್ಲಿ ಟಿಕೆಟ್ ಕೆಲಸ ನನಗೆ ಸಪ್ಪೆ ಎನಿಸಬಹುದೆಂದು ನೀವು ಹೇಳಿದ್ದಿರಿ. ಅದಕ್ಕೆ ಅಂದು ಸರಿಯಾಗಿ ಉತ್ತರಿಸಲಿಲ್ಲ. ಪಾಸ್‌ವರ್ಡ್ ಮರೆತವರಿಗೆ, ಬಿಲ್ ಎರಡು ಸಲ ಬಂದವರಿಗೆ ಉತ್ತರಿಸುವುದೇ ದಿನದ ದೊಡ್ಡ ಪಾಲು ಎಂದು ನನಗೆ ಗೊತ್ತು. ಕಳೆದ ವರ್ಷ ತಂಡದಲ್ಲಿ ಜನ ಕಡಿಮೆಯಾದಾಗ ನಾಲ್ಕು ತಿಂಗಳು ಪ್ರತಿ ದಿನ ಅರ್ಧ ದಿನ ಅದೇ ಕೆಲಸ ಮಾಡಿದೆ. ಮ್ಯಾನೇಜರ್ ಕೆಲಸ ಬಿಡಬೇಕೆಂದು ತೀರ್ಮಾನಿಸಿದ್ದೂ ಆಗಲೇ. ಸಂಬಳದ ವಿಷಯದಲ್ಲಿ, ನೀವು ಹೇಳಿದ ಮಿತಿಯನ್ನು ನನ್ನ ಖರ್ಚಿನ ಜೊತೆ ಹಾಕಿ ನೋಡಿಯೇ ಅರ್ಜಿ ಸಲ್ಲಿಸಿದ್ದೇನೆ. ಹುದ್ದೆ ಇನ್ನೂ ಖಾಲಿ ಇದ್ದರೆ ಹದಿನೈದು ನಿಮಿಷ ಮಾತಾಡಲು ಅವಕಾಶ ಕೊಡಿ. ತುಂಬಿದ್ದರೆ, ಇದೇ ಥರದ ಹುದ್ದೆ ಮುಂದೆ ಬಂದಾಗ ನನ್ನ ಹೆಸರು ನೆನಪಿರಲಿ."

ಇದರಲ್ಲಿ ನನಗೆ ಇಷ್ಟವಾಗುವುದು "ಅದಕ್ಕೆ ಅಂದು ಸರಿಯಾಗಿ ಉತ್ತರಿಸಲಿಲ್ಲ" ಅನ್ನೋ ಸಾಲು. ನೀವು ತಪ್ಪು ತಿಳಿದಿರಿ ಎಂದು ಅವರ ಮೇಲೆ ಹಾಕದೆ, ಮಾತು ಪೂರ್ತಿಯಾಗಿರಲಿಲ್ಲ ಎಂದು ತಮ್ಮ ಮೇಲೆ ತೆಗೆದುಕೊಂಡರು. ನಿರ್ಧಾರ ಬದಲಿಸುವವರಿಗೆ ಮುಖ ಉಳಿಯುತ್ತದೆ. ಪಾಸ್‌ವರ್ಡ್, ಬಿಲ್ ಎಂದು ಹೆಸರು ಹಿಡಿದದ್ದೂ ಹಾಗೆಯೇ, ಕೆಲಸ ಮಾಡಿದವರಿಗಷ್ಟೇ ಬರುವ ಮಾತು. ಬಹುಮಾನಗಳ ಪಟ್ಟಿ ಒಂದೂ ಉಳಿಯಲಿಲ್ಲ.

ಮ್ಯಾನೇಜರ್ ಮೂರನೆಯ ದಿನ ಫೋನ್ ಮಾಡಿದರು. ಬೇರೆಯವರಿಗೆ ಆಫರ್ ಹೋಗಿಯಾಗಿತ್ತು. ಐದು ವಾರದ ಮೇಲೆ ಮತ್ತೆ ಫೋನ್ ಬಂತು, ಆಫರ್ ಪಡೆದವರು ಸೇರಿರಲಿಲ್ಲ. ಹೊಸ ಅಭ್ಯರ್ಥಿಗಳನ್ನು ಹುಡುಕುವ ಬದಲು ಇವರನ್ನೇ ಕರೆದರು. ಹಳೆಯ ಸಂಬಳ 100 ಆಗಿದ್ದರೆ 68ಕ್ಕೆ ಸೇರಿದರು.

ರೆಸ್ಯೂಮೆ ಕತ್ತರಿಸುವುದೋ, ಬಿಡಿಸಿ ಹೇಳುವುದೋ?

ಮುಂದಿನ ಅರ್ಜಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಪದವಿಗಳನ್ನು, ದೊಡ್ಡ ಹುದ್ದೆಗಳನ್ನು ಮುಚ್ಚಿಟ್ಟರೆ ಮೊದಲ ಜರಡಿ ದಾಟಬಹುದು. ಆದರೆ ಹಿಂದಿನ ಕೆಲಸವನ್ನು ವಿಚಾರಿಸುವಾಗ ಹುದ್ದೆಯ ಹೆಸರು ಹೊಂದದಿದ್ದರೆ ಕೊಟ್ಟ ಆಫರ್ ಕೂಡ ಹೋಗುತ್ತದೆ. ಹುದ್ದೆ, ವರ್ಷ ಎರಡನ್ನೂ ಬದಲಿಸಬೇಡಿ. ಇಪ್ಪತ್ತು ವರ್ಷದ ಹಿಂದಿನ ಕೆಲಸಗಳನ್ನು ಬಿಡುವುದು, ತಂಡ ನಡೆಸಿದ್ದನ್ನು ಒಂದು ಸಾಲಿಗೆ ಇಳಿಸಿ ಕೈಯಾರೆ ಮಾಡಿದ್ದನ್ನು ನಾಲ್ಕು ಸಾಲಿಗೆ ಏರಿಸುವುದು, ಮೇಲ್ಗಡೆ "ತಂಡ ನಡೆಸುವ ಹುದ್ದೆಯಿಂದ ಮತ್ತೆ ನೇರ ಕೆಲಸಕ್ಕೆ ಬರುತ್ತಿದ್ದೇನೆ" ಎಂದು ಒಂದು ಸಾಲು ಬರೆಯುವುದು, ಇವು ಮೂರೂ ಸುಳ್ಳಲ್ಲ. ನಾನು ಆರಿಸುತ್ತಿದ್ದಾಗ ಆ ಒಂದು ಸಾಲು ಇದ್ದ ರೆಸ್ಯೂಮೆಗಳನ್ನು ಪಕ್ಕಕ್ಕಿಡುವ ಮುಂಚೆ ಇನ್ನೊಮ್ಮೆ ಓದುತ್ತಿದ್ದೆ.

ಕೆಲವು ಕಡೆ "ಅರ್ಹತೆ ಜಾಸ್ತಿ" ಅನ್ನೋದು ವಯಸ್ಸಿಗೆ ಹಾಕಿದ ಮುಸುಕೂ ಆಗಿರುತ್ತದೆ. ನಿಮ್ಮ ವಯಸ್ಸಿನ ಬಗ್ಗೆ, ನಿವೃತ್ತಿಯ ಬಗ್ಗೆ ನೇರ ಪ್ರಶ್ನೆ ಬಂದಿದ್ದರೆ ದಿನಾಂಕದ ಜೊತೆ ಬರೆದಿಟ್ಟುಕೊಳ್ಳಿ. ಅಲ್ಲಿ ಈ ಮೇಲ್‌ಗಳು ಕೆಲಸ ಮಾಡುವುದಿಲ್ಲ. ನಿಮ್ಮ ದೇಶದ ಕಾನೂನಿನಲ್ಲಿ ಅದಕ್ಕೆ ದಾರಿಯಿದೆಯೇ ಎಂದು ತಿಳಿದವರನ್ನು ಕೇಳಬೇಕು.

ಉತ್ತರ ಕಳಿಸಿದ ಮೇಲೆ ಮೂರು ವಾರ ಕಾಯಿರಿ. ಏನೂ ಬಾರದಿದ್ದರೆ ಒಂದೇ ಒಂದು ಸಲ, ಎರಡು ಸಾಲಿನಲ್ಲಿ, ಹುದ್ದೆ ಮತ್ತೆ ತೆರೆದಿದೆಯಾ ಎಂದು ಕೇಳಿ. ಅದಕ್ಕೂ ಉತ್ತರವಿಲ್ಲದಿದ್ದರೆ ಆ ಮ್ಯಾನೇಜರ್ ಹೆಸರು, ಅವರು ಎರಡು ಸಲ ಕೇಳಿದ ಪ್ರಶ್ನೆ ಇವೆರಡನ್ನೂ ಬರೆದಿಟ್ಟುಕೊಂಡು ಮುಂದಿನ ಅರ್ಜಿಗೆ ಹೋಗಿ. ಅದೇ ಪ್ರಶ್ನೆ ಮುಂದಿನ ಇಂಟರ್‌ವ್ಯೂನಲ್ಲೂ ಬರುತ್ತದೆ. ಈ ಸಲ ಅವರು ಕೇಳುವ ಮುಂಚೆಯೇ ನೀವು ಹೇಳಬಹುದು.